ಓ.ಸಿ.ಆರ್. ಯಂತ್ರದ ಓದು ಮತ್ತು ಅಪಪಾಠಗಳ ಮೂಲ

ಪ್ರಾಚೀನಗ್ರಂಥಗಳ ಪಾಠನಿರ್ಣಯದಲ್ಲಿ ತೊಡಗಿದವರಿಗೆ ಲಿಪಿಕಾರದೋಷವೆಂಬುದು ಹೊಸ ವಿಷಯವಲ್ಲ. ಓಲೆಯನ್ನು ನೋಡಿ ಬರೆದವನು ಒಂದಕ್ಷರವನ್ನು ಮತ್ತೊಂದಾಗಿ ಕಂಡನೇ, ಎರಡು ಪಂಕ್ತಿಗಳ ನಡುವೆ ಕಣ್ಣು ಜಾರಿದನೇ, ಅಥವಾ ತನಗೆ ತಿಳಿಯದ ಶಬ್ದವನ್ನು ತಿಳಿದ ಶಬ್ದವಾಗಿ ತಿದ್ದಿದನೇ ಎಂಬುದನ್ನು ಅಪಪಾಠದ ಸ್ವರೂಪದಿಂದಲೇ ಊಹಿಸಬಹುದು. ಇಂದು ಅಚ್ಚಾದ ಹಳೆಯ ಪುಸ್ತಕಗಳನ್ನು ಗಣಕಯಂತ್ರದ ಅಕ್ಷರಗಳಾಗಿ ಮಾರ್ಪಡಿಸುವ ಕೆಲಸದಲ್ಲಿ ಲಿಪಿಕಾರನ ಸ್ಥಾನವನ್ನು ಓ.ಸಿ.ಆರ್. ಎಂಬ ಅಕ್ಷರವಾಚಕ ಯಂತ್ರವು ಆಕ್ರಮಿಸಿದೆ. ಈ ಯಂತ್ರವೂ ಮೇಲಣ ಮೂರು ಬಗೆಯ ತಪ್ಪುಗಳನ್ನೂ ಮಾಡುತ್ತದೆ. ಆದರೆ ಅದರ ಚರಿತ್ರೆಯಲ್ಲಿ ಒಂದು ವಿಶೇಷವುಂಟು: ಮೊದಮೊದಲಿನ ಯಂತ್ರಗಳ ತಪ್ಪು ತಪ್ಪಾಗಿಯೇ ಕಾಣುತ್ತಿತ್ತು, ಈಚಿನ ಯಂತ್ರಗಳ ತಪ್ಪು ಸರಿಯಾದ ಪಾಠದಂತೆಯೇ ಕಾಣುತ್ತದೆ. ಇದು ಹೇಗಾಯಿತೆಂಬುದನ್ನು ಒಂದು ಯಂತ್ರದ ವೃತ್ತಾಂತದಿಂದ ತಿಳಿಯಬಹುದು.

ಯಂತ್ರದಿಂದ ಓದಿಸುವ ಪ್ರಯತ್ನವು ಗಣಕಯಂತ್ರಕ್ಕಿಂತ ಹಳೆಯದು. ಆಸ್ಟ್ರಿಯ ದೇಶದ ಗುಸ್ಟಾವ್ ಟೌಷೆಕ್ ಎಂಬಾತನು 1929ರಲ್ಲಿ ಜರ್ಮನಿಯಲ್ಲಿ ಓದುವ ಯಂತ್ರವೊಂದಕ್ಕೆ ಪೇಟೆಂಟು ಪಡೆದನು. ಅಕ್ಷರಗಳ ಆಕಾರವನ್ನು ಕೊರೆದ ತಗಡುಗಳ ಮೂಲಕ ಬೆಳಕನ್ನು ಹಾಯಿಸಿ, ಪುಟದ ಅಕ್ಷರವು ಯಾವ ಕೊರೆತಕ್ಕೆ ಸರಿಹೊಂದುವುದೋ ಅದೇ ಅಕ್ಷರವೆಂದು ನಿರ್ಣಯಿಸುವುದು ಅದರ ಕ್ರಮ. ಒಂದೇ ಅಚ್ಚುಮೊಳೆ, ಒಂದೇ ಗಾತ್ರ, ಶುಭ್ರವಾದ ಕಾಗದ ಇವಿದ್ದರೆ ಈ ಕ್ರಮವು ಸಾಕಾದೀತು. ಪುಸ್ತಕಪ್ರಪಂಚದಲ್ಲಿ ಈ ಮೂರೂ ಒಟ್ಟಿಗೆ ದೊರೆಯುವುದು ಅಪೂರ್ವ. ಬೇರೆಬೇರೆ ಮೊಳೆಗಳನ್ನು ಓದಬಲ್ಲ ಯಂತ್ರಗಳು ಬಂದ ಮೇಲೂ ಮಾಸಿದ ಅಚ್ಚಿನ ತೊಡಕು ಉಳಿದೇ ಇತ್ತು.

ಇಲ್ಲಿ ಮುಖ್ಯವಾಗಿ ಪರಿಶೀಲಿಸತಕ್ಕ ಯಂತ್ರದ ಹೆಸರು ಟೆಸರ್‍ಯಾಕ್ಟ್. ಯಂತ್ರವೆಂದರೂ ಇದು ಗಣಕದೊಳಗೆ ನಡೆಯುವ ಕ್ರಮವಿಧಿಯೇ ಹೊರತು ಚಕ್ರಗಳುಳ್ಳ ವಸ್ತುವಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿದ್ದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ರೇ ಸ್ಮಿತ್ ಎಂಬ ವಿದ್ವಾಂಸನ ಸಂಶೋಧನೆಯಾಗಿ ಆರಂಭವಾಗಿ, 1984ರಿಂದ 1994ರ ವರೆಗೆ ಅದು ಬೆಳೆಯಿತು. 1995ರಲ್ಲಿ ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದವರು ಲಾಸ್ ವೇಗಸ್ಸಿನಲ್ಲಿ ನಡೆಸಿದ ಪರೀಕ್ಷೆಯಲ್ಲಿ ಮಾರಾಟದ ಯಂತ್ರಗಳೊಡನೆ ಸ್ಪರ್ಧಿಸಿ ತನ್ನ ಯೋಗ್ಯತೆಯನ್ನು ತೋರಿಸಿತು; ಆಮೇಲೆ ಹತ್ತು ವರ್ಷ ಪೆಟ್ಟಿಗೆಯಲ್ಲಿಟ್ಟ ಓಲೆಯಂತೆ ಯಾರ ಕಣ್ಣಿಗೂ ಬೀಳದೆ ಇತ್ತು. 2005ರಲ್ಲಿ ಅದರ ಮೂಲಪಾಠವು ಸರ್ವರಿಗೂ ಮುಕ್ತವಾಗಿ ಪ್ರಕಟವಾಯಿತು. ಮರುವರ್ಷದಿಂದ ಗೂಗಲ್ ಸಂಸ್ಥೆಯ ಆಶ್ರಯದಲ್ಲಿ ಅದರ ಪರಿಷ್ಕಾರ ನಡೆದು, ಕನ್ನಡವೂ ಅದು ಓದುವ ಲಿಪಿಗಳಲ್ಲಿ ಒಂದಾಯಿತು. ಒಳಗಿನ ವ್ಯಾಪಾರವು ಬಯಲಾಗಿರುವುದರಿಂದ, ದೋಷವು ಯಾವ ಹಂತದಲ್ಲಿ ಹುಟ್ಟಿತೆಂಬುದನ್ನು ಈ ಯಂತ್ರದಲ್ಲಿ ಹುಡುಕಿ ತೋರಿಸಲು ಸಾಧ್ಯವಿದೆ.

ಪುಟದ ಛಾಯಾಚಿತ್ರವು ಯಂತ್ರಕ್ಕೆ ಅಕ್ಷರಗಳಾಗಿ ಕಾಣುವುದಿಲ್ಲ. ಸಣ್ಣ ಚುಕ್ಕಿಗಳ ಸಾಲುಗಳಾಗಿ ಕಾಣುತ್ತದೆ. ಒಂದೊಂದು ಚುಕ್ಕಿಗೂ ಅದರ ಬೆಳಕನ್ನು ಸೂಚಿಸುವ ಒಂದು ಸಂಖ್ಯೆಯುಂಟು. ಕಡುಗಪ್ಪಿಗೆ 0, ಅಚ್ಚಬಿಳುಪಿಗೆ 255, ನಡುವಣ ಬೂದುಬಣ್ಣಗಳಿಗೆ ನಡುವಣ ಸಂಖ್ಯೆಗಳು. ಯಾವ ಚುಕ್ಕಿ ಮಸಿ, ಯಾವುದು ಕಾಗದ ಎಂದು ವಿಂಗಡಿಸುವುದೇ ಮೊದಲನೆಯ ಹಂತವಾದ ದ್ವಿವರ್ಣೀಕರಣ. ಒಂದು ಗಡಿಸಂಖ್ಯೆಯನ್ನು ಗೊತ್ತುಮಾಡಿ, ಅದಕ್ಕಿಂತ ಕಡಮೆಯಾದುದನ್ನು ಮಸಿಯೆಂದೂ ಹೆಚ್ಚಾದುದನ್ನು ಕಾಗದವೆಂದೂ ತೀರ್ಮಾನಿಸುತ್ತಾರೆ. ಗಡಿಯನ್ನು ಗೊತ್ತುಮಾಡುವ ಬಗೆ ಹೇಗೆ? ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಪ್ರಕಟಿಸಿದ ಸೂತ್ರವನ್ನೇ ಟೆಸರ್‍ಯಾಕ್ಟ್ ಯಂತ್ರವು ಬಹುಕಾಲ ಅನುಸರಿಸಿತು. ಪ್ರತಿಯೊಂದು ಸಂಖ್ಯೆಯನ್ನೂ ಗಡಿಯಾಗಿ ಇಟ್ಟುನೋಡಿ, ಅದರಿಂದಾಗುವ ಎರಡು ಗುಂಪುಗಳ ಸರಾಸರಿಗಳ ಅಂತರವನ್ನು ವರ್ಗಮಾಡಿ, ಎರಡು ಗುಂಪುಗಳ ಪಾಲುಗಳಿಂದ ಗುಣಿಸಬೇಕು. ಗುಣಲಬ್ಧವು ಎಲ್ಲಿ ಅತ್ಯಧಿಕವೋ ಅದೇ ಗಡಿ. ಸೂತ್ರವು ಸರಳ, ಸುಂದರ. ಪುಟದಲ್ಲಿ ಎರಡೇ ಬಣ್ಣಗಳಿದ್ದರೆ ನಿರ್ದುಷ್ಟ.

ಆದರೆ ಪುಸ್ತಕದ ಬೆನ್ನಿನ ಕಡೆಯಲ್ಲಿ ಪುಟವು ಬಾಗಿರುತ್ತದೆ. ಅಲ್ಲಿ ನೆರಳು ಬೀಳುತ್ತದೆ. ಉದಾಹರಣೆಗೆ, ಒಂದು ಪುಟದ ನೂರರಲ್ಲಿ ಎಪ್ಪತ್ತು ಪಾಲು 220ರ ಬೆಳಕಿನ ಕಾಗದ, ಇಪ್ಪತ್ತು ಪಾಲು 120ರ ನೆರಳುಬಿದ್ದ ಕಾಗದ, ಹತ್ತು ಪಾಲು 50ರ ಮಸಿ ಎಂದಿಟ್ಟುಕೊಳ್ಳಬಹುದು. ಗಡಿಯನ್ನು ಮಸಿಗೂ ನೆರಳಿಗೂ ನಡುವೆ ಇಟ್ಟರೆ ಗುಣಲಬ್ಧವು ಸುಮಾರು 1965. ನೆರಳಿಗೂ ಶುಭ್ರಕಾಗದಕ್ಕೂ ನಡುವೆ ಇಟ್ಟರೆ ಸುಮಾರು 3194. ಸೂತ್ರವು ಎರಡನೆಯದನ್ನೇ ಆರಿಸುವುದು. ಫಲವೇನೆಂದರೆ ನೆರಳೆಲ್ಲವೂ ಮಸಿಯ ಪಂಗಡಕ್ಕೆ ಸೇರಿ, ಪುಟದ ಒಂದು ಅಂಚು ಕರಿಯ ಪಟ್ಟೆಯಾಗುತ್ತದೆ. ಆ ಪಟ್ಟೆಯೊಳಗಿದ್ದ ಅಕ್ಷರಗಳು ಸಂಪೂರ್ಣವಾಗಿ ನಷ್ಟವಾಗುತ್ತವೆ. ಮನುಷ್ಯನ ಕಣ್ಣು ಆ ನೆರಳಿನಲ್ಲಿಯೂ ನಿರಾಯಾಸವಾಗಿ ಓದುತ್ತದೆ. ಗಣಿತದಲ್ಲಿ ತಪ್ಪಿಲ್ಲ, ಪುಟದಲ್ಲಿ ಎರಡೇ ಬಣ್ಣಗಳಿವೆಯೆಂಬ ಪ್ರತಿಜ್ಞೆಯು ಮಾತ್ರ ತಪ್ಪು.

ಇದಕ್ಕೆ ಪರಿಹಾರವಾಗಿ ಫಿನ್‌ಲೆಂಡಿನ ಸೌವೊಲ ಮತ್ತು ಪಿಯೆಟಿಕೈನೆನ್ ಎಂಬ ವಿದ್ವಾಂಸರು 2000ದಲ್ಲಿ ಮತ್ತೊಂದು ಸೂತ್ರವನ್ನು ಪ್ರಕಟಿಸಿದರು. ಇದರಲ್ಲಿ ಇಡೀ ಪುಟಕ್ಕೆ ಒಂದೇ ಗಡಿಯಿಲ್ಲ. ಪ್ರತಿಯೊಂದು ಚುಕ್ಕಿಯ ಸುತ್ತಲೂ ಒಂದು ಸಣ್ಣ ಚೌಕವನ್ನು ಕಲ್ಪಿಸಿ, ಆ ಚೌಕದ ಸರಾಸರಿ ಬೆಳಕನ್ನೂ ಏರಿಳಿತವನ್ನೂ ಲೆಕ್ಕಹಾಕಿ, ಅಲ್ಲಿಗಷ್ಟೇ ಸಲ್ಲುವ ಗಡಿಯನ್ನು ಪಡೆಯುತ್ತಾರೆ:

T = m (1 + k (s / R − 1))

ಇದರಲ್ಲಿ m ಎಂಬುದು ಸರಾಸರಿ, s ಏರಿಳಿತದ ಪ್ರಮಾಣ. k ಮತ್ತು R ನಿಯತಸಂಖ್ಯೆಗಳು. ಅವನ್ನು ಸಾಮಾನ್ಯವಾಗಿ 0.5 ಮತ್ತು 128 ಎಂದು ಹಿಡಿಯುತ್ತಾರೆ. ಮೇಲಣ ನೆರಳಿನಲ್ಲಿಯೇ ಒಂದು ಚೌಕದ ಎಂಟರಲ್ಲೊಂದು ಪಾಲು ಮಸಿಯಾಗಿದ್ದರೆ ಗಡಿಯು ಸುಮಾರು 66 ಆಗುತ್ತದೆ. ಮಸಿಯ 50 ಅದಕ್ಕಿಂತ ಕೆಳಗೆ, ನೆರಳಿನ 120 ಅದಕ್ಕಿಂತ ಮೇಲೆ, ಅಕ್ಷರವು ಉಳಿಯಿತು. ಆದರೆ ಪರಿಹಾರಕ್ಕೂ ತನ್ನದೇ ಆದ ದೋಷವುಂಟು. ಅದೇ ಪುಸ್ತಕದಲ್ಲಿ ಮಸಿಯು ಸರಿಯಾಗಿ ಹಿಡಿಯದೆ ಮಂಕಾಗಿ ಅಚ್ಚಾದ ಒಂದೆಡೆಯಲ್ಲಿ ಕಾಗದವು 200, ಅಕ್ಷರವು 130 ಇರಲಿ. ಅಂತರವು ಮೊದಲಿನಂತೆ ಎಪ್ಪತ್ತೇ. ಆದರೂ ಸರಾಸರಿಯು ಹೆಚ್ಚಾದುದರಿಂದ ಇಲ್ಲಿ ಗಡಿಯು ಸುಮಾರು 113ಕ್ಕೆ ಬಂದು ನಿಲ್ಲುತ್ತದೆ; 130ರ ಅಕ್ಷರವು ಕಾಗದದ ಪಂಗಡಕ್ಕೆ ಸೇರಿ ಮಾಯವಾಗುತ್ತದೆ. k ಎಂಬುದನ್ನು ಕಡಮೆಮಾಡಿದರೆ ಮಂಕಾದ ಅಕ್ಷರವು ಬದುಕುವುದು. ಆದರೆ ಕಾಗದದ ಹಿಂಬದಿಯಿಂದ ಹಾಯ್ದು ಕಾಣುವ ಮಸಿಯೂ ಅದರೊಡನೆ ಎದ್ದುಬರುವುದು. ಟೆಸರ್‍ಯಾಕ್ಟಿನ 2021ರ ಐದನೆಯ ಆವೃತ್ತಿಯಲ್ಲಿ ಈ ಎರಡನೆಯ ಸೂತ್ರವನ್ನೂ ಸೇರಿಸಿದ್ದಾರೆ. ಯಾವುದನ್ನು ಬಳಸಬೇಕೆಂಬ ನಿರ್ಣಯವನ್ನು ಪುಸ್ತಕವನ್ನು ಕಂಡವರೇ ಮಾಡಬೇಕು.

ಈ ಹಂತದ ಹಾನಿಯು ಕನ್ನಡಕ್ಕೆ ವಿಶೇಷವಾಗಿ ತಟ್ಟುತ್ತದೆ. ದಕಾರಕ್ಕೂ ಧಕಾರಕ್ಕೂ, ಡಕಾರಕ್ಕೂ ಢಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಭೇದವೆಲ್ಲ ಬಾಲಕರು ಹೊಟ್ಟೆಸೀಳು ಎಂದು ಹೇಳುವ ಒಂದು ಕಿರುಗೆರೆಯಲ್ಲಿದೆ. ರಕಾರವನ್ನು ಠಕಾರ ಮಾಡುವುದು ಒಳಗಿನ ಒಂದು ಬೊಟ್ಟು. ಹನ್ನೆರಡು ಪಾಯಿಂಟಿನ ಮೊಳೆಯು ಅಂಗುಲದ ಆರನೆಯ ಒಂದು ಪಾಲು. ಅಂಗುಲಕ್ಕೆ 300 ಚುಕ್ಕಿಗಳಂತೆ ಚಿತ್ರ ತೆಗೆದರೆ ಅದರ ಎತ್ತರವು ಐವತ್ತು ಚುಕ್ಕಿ. ಸೀಳಿನ ಅಗಲವು ಅದರ ಇಪ್ಪತ್ತನೆಯ ಒಂದು ಪಾಲೆಂದರೆ ಎರಡು ಮೂರು ಚುಕ್ಕಿಗಳಷ್ಟಾಯಿತು. 150ರಂತೆ ತೆಗೆದ ಚಿತ್ರದಲ್ಲಿ ಅದು ಒಂದೇ ಚುಕ್ಕಿ. ಮಸಿ ಸ್ವಲ್ಪ ಹರಡಿದರೆ ಸೀಳು ಮುಚ್ಚಿಹೋಗಿ ಮಹಾಪ್ರಾಣವು ಅಲ್ಪಪ್ರಾಣವಾಗುವುದು. ಇನ್ನು ಪುಟದ ಕೊಳೆಯನ್ನು ತೆಗೆಯಲೆಂದು ಬಿಡಿಚುಕ್ಕಿಗಳನ್ನು ಅಳಿಸುವ ಸಂಸ್ಕಾರವೊಂದುಂಟು. ಅದು ಧೂಳಿನೊಡನೆ ಠಕಾರ ಥಕಾರಗಳ ಬೊಟ್ಟನ್ನೂ ಗುಡಿಸಿಹಾಕುತ್ತದೆ. ಯಂತ್ರಪಾಠವೊಂದರಲ್ಲಿ ಮಹಾಪ್ರಾಣಗಳೇ ಸಾಲಾಗಿ ಲೋಪವಾಗಿದ್ದರೆ, ತಪ್ಪು ನಡೆದುದು ಓದುವ ಹಂತದಲ್ಲಲ್ಲ, ಅದಕ್ಕೆ ಮೊದಲೇ ಎಂದು ಶಂಕಿಸಬೇಕು.

ಎರಡನೆಯ ಹಂತವು ವಿಭಜನ. ಒಂದಕ್ಕೊಂದು ತಾಗಿಕೊಂಡಿರುವ ಕರಿಯ ಚುಕ್ಕಿಗಳ ಗುಂಪನ್ನು ಒಂದು ತುಣುಕೆಂದು ಎಣಿಸಿ, ತುಣುಕುಗಳನ್ನು ಪಂಕ್ತಿಗಳಾಗಿಯೂ ಪಂಕ್ತಿಗಳನ್ನು ಪದಗಳಾಗಿಯೂ ಜೋಡಿಸುತ್ತಾರೆ. ಸ್ಮಿತ್‌ನ ಕ್ರಮದಲ್ಲಿ ತೀರ ಸಣ್ಣ ತುಣುಕುಗಳನ್ನು ಮೊದಲು ಬದಿಗಿಟ್ಟು, ಸಾಧಾರಣ ಎತ್ತರವುಳ್ಳ ತುಣುಕುಗಳಿಂದ ಪಂಕ್ತಿಯ ಅಡಿಗೆರೆಯನ್ನು ಕಂಡುಹಿಡಿದು, ಬಿಟ್ಟವುಗಳನ್ನು ಆಮೇಲೆ ಆಯಾ ಪಂಕ್ತಿಗೆ ಸೇರಿಸುವರು. ಅಕ್ಷರಗಳು ಒಂದೇ ಗೆರೆಯ ಮೇಲೆ ಒಂದರ ಪಕ್ಕದಲ್ಲೊಂದು ಕುಳಿತಿರುವ ರೋಮನ್ ಲಿಪಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಪಂಕ್ತಿಯ ಕೆಳಗೆ ಮತ್ತೊಂದು ಪಂಕ್ತಿಯಂತೆ ಜೋಲುತ್ತವೆ. ಕಾಗದವನ್ನು ಉಳಿಸಲೆಂದು ಪಂಕ್ತಿಗಳನ್ನು ಒತ್ತಾಗಿ ಅಚ್ಚುಮಾಡಿದ ಪುಸ್ತಕಗಳಲ್ಲಿ ಮೇಲಣ ಸಾಲಿನ ಒತ್ತು ಕೆಳಗಣ ಸಾಲಿನ ಗುಡಿಸಿಗೆ ತಾಗುತ್ತದೆ. ಆಗ ಎರಡು ಸಾಲುಗಳ ಎರಡು ಅಕ್ಷರಗಳು ಸೇರಿ ಒಂದೇ ತುಣುಕಾಗುತ್ತವೆ. ಸಂಸ್ಕೃತಸಮಾಸಗಳು ತುಂಬಿದ ಸಾಲಿನಲ್ಲಿ ಒತ್ತುಗಳೇ ಬೇರೊಂದು ಸಾಲೆಂದು ಎಣಿಸಲ್ಪಡುವುದೂ ಉಂಟು. ಎರಡು ಸರಿಯಾದ ಪಂಕ್ತಿಗಳ ನಡುವೆ ಅರ್ಥವಿಲ್ಲದ ನಾಲ್ಕಾರು ಅಕ್ಷರಗಳ ಒಂದು ಪಂಕ್ತಿ ಕಂಡರೆ, ಮೇಲಣ ಪಂಕ್ತಿಯಲ್ಲಿ ದ್ವಿತ್ವಗಳೆಲ್ಲ ಏಕವಾಗಿವೆಯೇ ಎಂದು ನೋಡಬೇಕು. ಕಳೆದ ಒತ್ತುಗಳು ಆ ನಿರರ್ಥಕಪಂಕ್ತಿಯಲ್ಲಿ ದೊರೆಯುತ್ತವೆ.

ಪದವನ್ನು ಅಕ್ಷರಗಳಾಗಿ ಬಿಡಿಸುವುದು ಇನ್ನೂ ಕಷ್ಟ. ಹಳೆಯ ಟೆಸರ್‍ಯಾಕ್ಟ್ ಅಂಟಿಕೊಂಡ ಅಕ್ಷರಗಳನ್ನು ಅವುಗಳ ಹೊರಗೆರೆಯು ಒಳಸರಿದ ಎಡೆಗಳಲ್ಲಿ ಕಡಿದುನೋಡುತ್ತಿತ್ತು. ಒಡೆದ ಅಕ್ಷರಗಳ ಚೂರುಗಳನ್ನು ನಾನಾ ವಿಧವಾಗಿ ಕೂಡಿಸಿನೋಡುತ್ತಿತ್ತು. ಯಾವ ಜೋಡಣೆಯು ಚೆನ್ನಾಗಿ ಓದಿಸಿಕೊಳ್ಳುವುದೋ ಅದನ್ನು ಅಂಗೀಕರಿಸುತ್ತಿತ್ತು. ಕನ್ನಡದಲ್ಲಿ ಅಕ್ಷರವೆಂದರೆ ಯಾವುದೆಂಬುದೇ ಮೊದಲ ಪ್ರಶ್ನೆ. ಮೂವತ್ತನಾಲ್ಕು ವ್ಯಂಜನಗಳಿಗೆ ಹನ್ನೆರಡು ಸ್ವರಗಳ ಕಾಗುಣಿತವನ್ನು ಹಚ್ಚಿದರೆ ನಾಲ್ಕುನೂರಕ್ಕೆ ಮೇಲ್ಪಟ್ಟ ರೂಪಗಳು. ಅವಕ್ಕೆ ಒಂದೊಂದು ಒತ್ತನ್ನು ಕೂಡಿಸಿದರೆ ಹದಿಮೂರು ಸಾವಿರಕ್ಕೂ ಮಿಕ್ಕ ರೂಪಗಳು. ಇಷ್ಟನ್ನೂ ಬೇರೆಬೇರೆಯಾಗಿ ಯಂತ್ರಕ್ಕೆ ಕಲಿಸುವುದು ದುಸ್ಸಾಧ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಶ್ವಿನ್ ಮತ್ತು ಶಾಸ್ತ್ರಿ ಎಂಬ ವಿದ್ವಾಂಸರು 2002ರಲ್ಲಿ ‘ಸಾಧನಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪೂರ್ಣಾಕ್ಷರಗಳನ್ನು ಬಿಟ್ಟು ಅವುಗಳ ಅಂಗಗಳನ್ನೇ ಗುರುತಿಸಿ ಆಮೇಲೆ ಕೂಡಿಸುವ ಮಾರ್ಗವನ್ನು ಹಿಡಿದುದು ಈ ಕಾರಣದಿಂದಲೇ. ಲಿಪಿಯ ರಚನೆಯನ್ನರಿತು ಮಾಡಿದ ಕೆಲಸವಾದುದರಿಂದ ಇದು ಸ್ಮರಣೀಯವಾಗಿದೆ.

ಅಂಗಗಳನ್ನು ಓದಿದ ಮಾತ್ರಕ್ಕೆ ಶಬ್ದವು ದೊರೆಯುವುದಿಲ್ಲವೆಂಬುದಕ್ಕೆ ‘ಧರ್ಮಾರ್ಥಂ’ ಎಂಬ ಒಂದು ಪದವೇ ಸಾಕು. ಹಳೆಯ ಅಚ್ಚಿನಲ್ಲಿ ಕಣ್ಣಿಗೆ ಕಾಣುವುದು ಕ್ರಮವಾಗಿ ಧಕಾರ, ಮಾ, ಅರ್ಕಾವೊತ್ತು, ಥಕಾರ, ಮತ್ತೆ ಅರ್ಕಾವೊತ್ತು, ಕೊನೆಗೆ ಸೊನ್ನೆ. ಗಣಕದಲ್ಲಿ ಬರೆಯಬೇಕಾದ ಕ್ರಮವು ಬೇರೆ. ಅದು ಉಚ್ಚಾರಣೆಯನ್ನು ಅನುಸರಿಸುತ್ತದೆ. ಅಲ್ಲಿ ರೇಫವೂ ಅದರ ಹಲಂತಚಿಹ್ನೆಯೂ ಮಕಾರಕ್ಕೆ ಮೊದಲು ಬರಬೇಕು. ಅಂದರೆ ಕಡೆಯಲ್ಲಿ ಕಂಡ ಚಿಹ್ನೆಯನ್ನು ಯಂತ್ರವು ಹಿಂದಕ್ಕೆ ಕೊಂಡೊಯ್ದು ರೇಫವನ್ನಾಗಿ ಮಾಡಬೇಕು. ಅರ್ಕಾವೊತ್ತಿಗೂ ಕನ್ನಡದ ಒಂಬತ್ತರ ಅಂಕಿಗೂ, ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಆಕಾರದಲ್ಲಿ ಭೇದವೇ ಇಲ್ಲವೆನ್ನಬಹುದು. ಆದರೆ ಗಣಕದಲ್ಲಿ ಅವು ಬೇರೆಬೇರೆ ಸಂಕೇತಗಳು. ಆದುದರಿಂದ ಆಕಾರವನ್ನು ಮಾತ್ರ ನಂಬಿದ ಯಂತ್ರವು ಇದನ್ನು ‘ಧಮಾ೯ಥ೯೦’ ಎಂದು ಬರೆಯುವುದು. ಥಕಾರದ ಬೊಟ್ಟು ಮೊದಲ ಹಂತದಲ್ಲಿಯೇ ಹೋಗಿದ್ದರೆ ‘ಧಮಾ೯ಧ೯೦’ ಎಂದಾಗುವುದು. ಮುದ್ರಿಸಿ ನೋಡಿದರೆ ಮೊದಲನೆಯ ರೂಪವು ಮೂಲದಂತೆಯೇ ಕಾಣುವುದರಿಂದ ಕರಡು ತಿದ್ದುವವರ ಕಣ್ಣಿಗೆ ಅದು ಸಿಕ್ಕುವುದಿಲ್ಲ. ‘ಧರ್ಮ’ ಎಂದು ಹುಡುಕಿದಾಗ ಗ್ರಂಥದಲ್ಲಿ ಆ ಶಬ್ದವೇ ಇಲ್ಲವೆಂಬ ಉತ್ತರ ಬಂದ ಮೇಲೆ ಮಾತ್ರ ತಪ್ಪು ಬಯಲಾಗುತ್ತದೆ. ಯಂತ್ರಪಾಠವನ್ನು ಪರೀಕ್ಷಿಸುವವರು ಅಕ್ಷರಗಳ ಮಧ್ಯದಲ್ಲಿ ಸಿಕ್ಕಿಕೊಂಡಿರುವ ಅಂಕಿಗಳನ್ನು ಮೊದಲು ಹುಡುಕಿಸಿನೋಡುವುದು ಲೇಸು.

ಮೂರನೆಯ ಹಂತವಾದ ಅಕ್ಷರಜ್ಞಾನದಲ್ಲಿ ಸ್ಮಿತ್‌ನ ಯಂತ್ರವು ಅಕ್ಷರದ ಹೊರಗೆರೆಯನ್ನು ಕಿರಿಯ ತುಂಡುಗಳಾಗಿ ಒಡೆದು, ಒಂದೊಂದು ತುಂಡಿನ ಸ್ಥಾನವನ್ನೂ ಓರೆಯನ್ನೂ ತಾನು ಮೊದಲೇ ಕಲಿತ ಮಾದರಿಗಳ ಉದ್ದವಾದ ಗೆರೆಗಳೊಡನೆ ಹೋಲಿಸುತ್ತಿತ್ತು. ಮಾದರಿಯ ಒಂದು ಗೆರೆಗೆ ಹಲವು ತುಂಡುಗಳು ಹೊಂದಬಹುದಾದುದರಿಂದ, ಒಡೆದ ಅಕ್ಷರವನ್ನೂ ಅದು ಗುರುತಿಸಬಲ್ಲುದಾಗಿತ್ತು. ಇನ್ನೊಂದು ಜಾಣತನವನ್ನೂ ಅದಕ್ಕೆ ಕಲಿಸಿದ್ದರು. ಪುಟವನ್ನು ಎರಡಾವರ್ತಿ ಓದಿ, ಮೊದಲ ಆವೃತ್ತಿಯಲ್ಲಿ ನಿಸ್ಸಂದೇಹವಾಗಿ ತಿಳಿದ ಪದಗಳಿಂದ ಆ ಪುಟದ ಮೊಳೆಗಳ ರೂಪವನ್ನು ಕಲಿತು, ಎರಡನೆಯ ಆವೃತ್ತಿಯಲ್ಲಿ ಉಳಿದುದನ್ನು ಬಿಡಿಸುತ್ತಿತ್ತು. ನುರಿತ ಪಂಡಿತನು ಅಪರಿಚಿತವಾದ ಕೈಬರಹವನ್ನು ಓದುವ ಕ್ರಮವೂ ಇದೇ. ಆದರೆ ನಿಸ್ಸಂದೇಹವೆಂದು ತಿಳಿದುದೇ ತಪ್ಪಾಗಿದ್ದರೆ, ಆ ತಪ್ಪು ಪುಟದುದ್ದಕ್ಕೂ ನಿಯಮವಾಗಿ ನಿಲ್ಲುತ್ತಿತ್ತು. ಇಷ್ಟಾದರೂ ಇಂತಹ ತಪ್ಪುಗಳು ಬಹುಮಟ್ಟಿಗೆ ನಿಘಂಟಿನಲ್ಲಿಲ್ಲದ ವಿಕಾರರೂಪಗಳಾಗಿದ್ದು, ಓದುವವರನ್ನು ಎಡವಿಸಿ ನಿಲ್ಲಿಸುತ್ತಿದ್ದುವು.

2018ರಲ್ಲಿ ಹೊರಬಂದ ನಾಲ್ಕನೆಯ ಆವೃತ್ತಿಯಿಂದ ಕ್ರಮವೇ ಬದಲಾಯಿತು. ಹೊಖ್‌ರೈಟರ್ ಮತ್ತು ಶ್ಮಿಡ್‌ಹೂಬರ್ ಎಂಬವರು 1997ರಲ್ಲಿ ವಿವರಿಸಿದ ಎಲ್.ಎಸ್.ಟಿ.ಎಂ. ಎಂಬ ಸ್ಮರಣೆಯುಳ್ಳ ಗಣಿತಜಾಲವನ್ನು ಇದರಲ್ಲಿ ಅಳವಡಿಸಿದರು. ಈ ಜಾಲವು ಅಕ್ಷರಗಳನ್ನು ಕಡಿಯುವುದಿಲ್ಲ. ಇಡೀ ಪಂಕ್ತಿಯನ್ನು ಒಂದು ನಿಯತವಾದ ಎತ್ತರಕ್ಕೆ ಇಳಿಸಿ (ಬಳಕೆಯಲ್ಲಿರುವ ಒಂದು ವಿನ್ಯಾಸದಲ್ಲಿ ಈ ಎತ್ತರ 36 ಚುಕ್ಕಿ), ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತ, ಪ್ರತಿಯೊಂದು ಎಡೆಯಲ್ಲಿಯೂ ಯಾವ ಅಕ್ಷರ ಎಷ್ಟು ಸಂಭವನೀಯವೆಂದು ಹೇಳುತ್ತದೆ. ಹಿಂದೆ ಕಂಡುದನ್ನೂ ಮುಂದೆ ಬರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಓದುವುದಕ್ಕೆ ದ್ವಿವರ್ಣದ ಚಿತ್ರವನ್ನು ಬಿಟ್ಟು ಮೂಲದ ಬೂದುಬಣ್ಣದ ಚಿತ್ರವನ್ನೇ ಅದು ತೆಗೆದುಕೊಳ್ಳುವುದರಿಂದ ಮೊದಲ ಹಂತದ ಹಾನಿಯು ಕಡಮೆಯಾಯಿತು. ಪಂಕ್ತಿಯು ಎಲ್ಲಿದೆಯೆಂಬುದನ್ನು ಮಾತ್ರ ಈಗಲೂ ದ್ವಿವರ್ಣಚಿತ್ರದಿಂದಲೇ ಗೊತ್ತುಮಾಡುತ್ತಾರೆ. ಆದುದರಿಂದ ನೆರಳಿನಲ್ಲಿ ಮುಳುಗಿದ ಸಾಲು ಜಾಲದ ವರೆಗೆ ತಲಪುವುದೇ ಇಲ್ಲ. ಅರ್ಕಾವೊತ್ತಿನಂತಹ ಸ್ಥಳಗಳಲ್ಲಿ ಲಾಭವು ದೊಡ್ಡದು: ಎರಡು ವ್ಯಂಜನಗಳ ನಡುವೆ ಒಂಬತ್ತರ ಅಂಕಿ ಬರುವುದಿಲ್ಲವೆಂದು ಜಾಲವು ಸಾವಿರಾರು ಪಂಕ್ತಿಗಳ ಅಭ್ಯಾಸದಿಂದ ಬಲ್ಲುದು.

ಈ ಬಲ್ಲತನವೇ ಹೊಸ ದೋಷದ ಬೀಜ. ಜಾಲಕ್ಕೆ ಅಭ್ಯಾಸ ಮಾಡಿಸಿದ ಪಂಕ್ತಿಗಳು ಇಂದಿನ ಕನ್ನಡದವಾದರೆ ಅದರ ನಿರೀಕ್ಷೆಯೂ ಇಂದಿನ ಕನ್ನಡದ್ದೇ. ಹಳಗನ್ನಡಕಾವ್ಯದ ಅಚ್ಚಿನಲ್ಲಿ ‘ಅೞಿ’ ಎಂದಿದೆಯೆನ್ನೋಣ. ನಾಶವಾಗು ಎಂದು ಅರ್ಥ. ಮಧ್ಯದ ಅಕ್ಷರವು ಕೊಂಚ ಮಸಕಾಗಿದ್ದರೆ, ಆಕಾರವು ಹೇಳುವುದಕ್ಕಿಂತ ಅಭ್ಯಾಸವು ಹೇಳುವುದೇ ಮೇಲಾಗಿ ಜಾಲವು ‘ಅಳಿ’ ಎಂದು ಓದುತ್ತದೆ. ಹಳಗನ್ನಡದಲ್ಲಿ ಅಳಿಯೆಂದರೆ ದುಂಬಿ. ಅದೇ ರೀತಿ ತಿಳಿ ಎಂಬರ್ಥದ ‘ಅಱಿ’ಯು ‘ಅರಿ’ಯಾದರೆ ಕತ್ತರಿಸು ಎಂದೋ ಶತ್ರುವೆಂದೋ ಆಗುವುದು. ಮೂಲದಲ್ಲಿರುವುದೂ ಶಬ್ದ, ಬಂದುದೂ ಶಬ್ದ. ಮಾತ್ರೆಯೂ ಕೆಡದು, ನಿಘಂಟೂ ತಡೆಯದು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪ್ರತ್ಯೇಕವಾಗಿ ವಿಚಾರಮಾಡಿ ಕಾಪಾಡಿದ ಭೇದವು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಕಠಿನಪಾಠವನ್ನು ಬಿಟ್ಟು ಸುಲಭಪಾಠವನ್ನು ಬರೆದ ಲಿಪಿಕಾರನ ನಡತೆಯು ಇದಕ್ಕಿಂತ ಬೇರೆಯಲ್ಲ; ಆದರೆ ಅವನು ಹಾಗೆ ತಿದ್ದಿದ್ದು ಒಂದು ಪ್ರತಿಯನ್ನು.

ನೂರಕ್ಕೆ ತೊಂಬತ್ತೊಂಬತ್ತು ಅಕ್ಷರಗಳು ಸರಿಯೆಂಬ ಪ್ರಮಾಣವು ಇಂತಹ ಗ್ರಂಥಗಳಲ್ಲಿ ಹೆಚ್ಚಿನ ಭರವಸೆಯನ್ನು ಕೊಡಲಾರದು. ಎರಡು ಸಾವಿರ ಅಕ್ಷರಗಳ ಪುಟದಲ್ಲಿ ಅದು ಇಪ್ಪತ್ತು ತಪ್ಪುಗಳೆಂದಾಯಿತು. ಹಳೆಯ ಯಂತ್ರದ ಇಪ್ಪತ್ತು ತಪ್ಪುಗಳು ಪುಟವನ್ನೆಲ್ಲ ಹರಡಿ ಕಣ್ಣಿಗೆ ಚುಚ್ಚುವುವು. ಹೊಸದರ ಇಪ್ಪತ್ತೂ ಆ ಪುಟದ ಅಪೂರ್ವಶಬ್ದಗಳ ಮೇಲೆಯೇ ಬಿದ್ದಿರಬಹುದು. ಸಂಖ್ಯೆಯು ಇವೆರಡನ್ನೂ ಒಂದೇ ಎಂದು ಎಣಿಸುತ್ತದೆ.

ಒಂದು ಪರೀಕ್ಷೆಯು ಸುಲಭವಾಗಿದೆ. ಯಂತ್ರದ ಪ್ರತಿಯೊಂದು ಭಾಷಾಭಾಗಕ್ಕೂ ತಾನು ಬರೆಯಬಲ್ಲ ಅಕ್ಷರಗಳ ಒಂದು ಪಟ್ಟಿಯುಂಟು. ಕನ್ನಡಕ್ಕೆ ಸಂಬಂಧಿಸಿದ ಭಾಗದ ಹೆಸರು `kan`. ಪಟ್ಟಿಯಲ್ಲಿಲ್ಲದ ಅಕ್ಷರವನ್ನು, ಅದು ಎಷ್ಟೇ ಸ್ಪಷ್ಟವಾಗಿ ಅಚ್ಚಾಗಿದ್ದರೂ, ಯಂತ್ರವು ಬರೆಯಲಾರದು; ಹತ್ತಿರದ ರೂಪವುಳ್ಳ ಬೇರೊಂದನ್ನೇ ಬರೆಯುತ್ತದೆ. ಗ್ರಂಥವೊಂದರ ಯಂತ್ರಪಾಠದಲ್ಲಿ ೞಕಾರವನ್ನೂ ಱಕಾರವನ್ನೂ ಎಣಿಸಿ, ಅಚ್ಚಿನ ಹತ್ತು ಪುಟಗಳಲ್ಲಿ ಕೈಯಿಂದ ಎಣಿಸಿದ ಸಂಖ್ಯೆಯೊಡನೆ ಹೋಲಿಸಿದರೆ ಸಂಗತಿಯು ತಿಳಿಯುತ್ತದೆ. ಯಂತ್ರದಲ್ಲಿ ಒಂದೂ ಇಲ್ಲದಿದ್ದರೆ ದೋಷವು ಪಟ್ಟಿಯಲ್ಲಿದೆಯೆಂದು ಶಂಕಿಸಿ ಮೊದಲು ಅದನ್ನು ನೋಡಬೇಕು. ಕೆಲವಿದ್ದು ಕೆಲವಿಲ್ಲದಿದ್ದರೆ ದೋಷವು ಅಭ್ಯಾಸದಲ್ಲಿದೆ. ಎರಡಕ್ಕೂ ಉಪಾಯವುಂಟು: ಆ ಅಕ್ಷರಗಳುಳ್ಳ ಪಂಕ್ತಿಗಳ ಚಿತ್ರಗಳನ್ನು, ಹಳಗನ್ನಡ ಬಲ್ಲವರು ಕೈಯಿಂದ ಬರೆದುಕೊಟ್ಟ ಶುದ್ಧಪಾಠದೊಡನೆ ಜೋಡಿಸಿ, ಮೊದಲಿನ ಅಭ್ಯಾಸದ ಮೇಲೆಯೇ ಮತ್ತಷ್ಟು ಅಭ್ಯಾಸವನ್ನು ಮಾಡಿಸುವುದು. ಟೆಸರ್‍ಯಾಕ್ಟಿನಲ್ಲಿ ಇದಕ್ಕೆ ಅವಕಾಶವನ್ನು ಕಲ್ಪಿಸಿದ್ದಾರೆ. ಹೊಸ ಅಕ್ಷರಗಳನ್ನು ಪಟ್ಟಿಗೆ ಸೇರಿಸುವುದಕ್ಕೂ ಅದೇ ದಾರಿ.